ಭಜನಾ ಮಂಡಳಿಯ ಪವರ್ ಸಪ್ಲೈ: 20 ಮಿಲಿಸೆಕೆಂಡಿನ ರಿಪಲ್

ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟ ಮೇಷ್ಟ್ರು ಮೊದಲು ಹೇಳಿದ್ದು, "ತಮ್ಮಾ, ಇದನ್ನ ಮುಟ್ಟಿ ನೋಡು, ದೋಸೆಕಾವಲಿ ಆಗ್ತದೆ" ಎಂದು. ಅವರು ನಿವೃತ್ತ ಶಾಲಾ ಶಿಕ್ಷಕರು. ಊರಿನ ಭಜನಾ ಮಂಡಳಿಯ ಮೈಕಿನ ಸಾಮಾನೆಲ್ಲ ಅವರ ಜವಾಬ್ದಾರಿ. ಡಬ್ಬಿ ಎಂದರೆ 12 ವೋಲ್ಟಿನ ಒಂದು ಪವರ್ ಸಪ್ಲೈ. ಸಣ್ಣ ಮಿಕ್ಸರ್ ಒಂದಕ್ಕೂ ಎರಡು ವೈರ್‌ಲೆಸ್ ಮೈಕುಗಳ ರಿಸೀವರಿಗೂ ಅದೇ ಕರೆಂಟ್ ಕೊಡುತ್ತದೆ. ಒಳಗೆ 15 ವೋಲ್ಟ್ 1 ಆಂಪಿಯರ್‌ನ ಟ್ರಾನ್ಸ್‌ಫಾರ್ಮರ್, ನಾಲ್ಕು 4007 ಡಯೋಡುಗಳ ಬ್ರಿಡ್ಜ್, ಒಂದು ದೊಡ್ಡ ಕಂಡೆನ್ಸರ್, ಹೀಟ್‌ಸಿಂಕಿಗೆ ಕಟ್ಟಿದ 7812 ರೆಗ್ಯುಲೇಟರ್. ಇದಕ್ಕಿಂತ ಸರಳವಾದ ಸರ್ಕೀಟು ನನ್ನ ಬೆಂಚಿಗೆ ಬರುವುದೇ ಇಲ್ಲ. ಆದರೂ ಇದು ಅರ್ಧ ದಿನ ತಿಂದಿತು. ಅಲೆಯ ಚಿತ್ರ ತೋರಿಸುವ ಸ್ಕೋಪಿನಲ್ಲಿ ರಿಪಲ್, ಅಂದರೆ ಡಿಸಿಯ ಮೇಲೆ ಉಳಿದ ಏರಿಳಿತ, ಓದುವಾಗ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೇಸು ನನಗೆ ಬೇರೆ ಸಿಕ್ಕಿಲ್ಲ, ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಹಿಂದಿನ ಕಥೆ ಹೀಗಿತ್ತು. ಮೂರು ತಿಂಗಳ ಕೆಳಗೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಹಮ್ಮಿಂಗ್ ಶುರುವಾಗಿತ್ತು. ಹಗಲು ಮನೆಯಲ್ಲಿ ಹಾಕಿ ನೋಡಿದರೆ ಏನೂ ಇಲ್ಲ. ಸಂಜೆ ಏಳರ ಮೇಲೆ ಭಜನೆಗೆ ಕೂತಾಗ ಮಾತ್ರ ಬರುತ್ತಿತ್ತು. ಬೇರೆ ಊರಿನ ಒಬ್ಬ ರಿಪೇರಿಯವರ ಹತ್ತಿರ ಕೊಟ್ಟರು. ಅವರು 2200 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ತೆಗೆದು 4700ರದ್ದು ಹಾಕಿದರು. ಹಮ್ಮಿಂಗ್ ಹೋಯಿತು, ಸಂಜೆಯೂ ಬರಲಿಲ್ಲ. ಆದರೆ ಡಬ್ಬಿ ಬಿಸಿಯಾಗುವುದು, ಒಳಗಿಂದ ಟ್ರಾನ್ಸ್‌ಫಾರ್ಮರ್ ಜುಂಯ್‌ಗುಡುವುದು ಉಳಿದೇ ಹೋಯಿತು. ಮೊದಲೂ ಬಿಸಿಯಾಗುತ್ತಿತ್ತೇ ಎಂದು ಕೇಳಿದೆ. "ಹಮ್ಮಿಂಗ್ ಬಂದಾಗಿಂದ ಬಿಸಿನೇ. ಅದಕ್ಕೆ ಮುಂಚೆ ಬೆಚ್ಚಗಿರ್ತಿತ್ತು ಅಷ್ಟೆ" ಎಂದರು. ಜೊತೆಗೆ ಹಳೆಯ ಕಂಡೆನ್ಸರನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. ಬದಲಾಯಿಸಿದ ಬಿಡಿಭಾಗವನ್ನು ಹೀಗೆ ಇಟ್ಟುಕೊಳ್ಳುವ ಗಿರಾಕಿ ಅಪರೂಪ. ಆ ಕವರು ಆಮೇಲೆ ಬಹಳ ಕೆಲಸಕ್ಕೆ ಬಂತು.

ಐಟಿಐ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗನಿಗೆ ಸ್ಕೋಪ್ ಹಚ್ಚಲು ಹೇಳಿದೆ. ಮಿಕ್ಸರ್, ರಿಸೀವರುಗಳನ್ನೂ ಮೇಷ್ಟ್ರು ತಂದಿದ್ದರಿಂದ ನಿಜವಾದ ಲೋಡನ್ನೇ ಹಾಕಿದೆವು. ರೆಗ್ಯುಲೇಟರಿನ ಮುಂದೆ ಸರಣಿಯಲ್ಲಿ ಮೀಟರ್ ಇಟ್ಟು ನೋಡಿದರೆ 0.4 ಆಂಪಿಯರ್. ಈ ಅಂಕಿಯನ್ನು ಮೊದಲೇ ಬರೆದುಕೊಳ್ಳಬೇಕು. ಲೋಡ್ ಎಷ್ಟು ಎಳೆಯುತ್ತಿದೆ ಎಂದು ಗೊತ್ತಿಲ್ಲದೆ ರಿಪಲ್ ಅಳೆದರೆ ಅದು ಹೆಚ್ಚೋ ಕಮ್ಮಿಯೋ ಹೇಳಲು ಆಧಾರವೇ ಇರುವುದಿಲ್ಲ. ಲೋಡ್ ಇಲ್ಲದ ಸಪ್ಲೈಯಲ್ಲಿ ಎಂಥ ಕೆಟ್ಟ ಬ್ರಿಡ್ಜೂ ಗೆರೆ ಎಳೆದ ಹಾಗೆ ಡಿಸಿ ತೋರಿಸುತ್ತದೆ.

ಪ್ರೋಬಿನ ಗ್ರೌಂಡ್ ಕ್ಲಿಪ್ಪನ್ನು ಕಂಡೆನ್ಸರಿನ ಮೈನಸ್ ಕಾಲಿಗೆ, ತುದಿಯನ್ನು ಪ್ಲಸ್ ಕಾಲಿಗೆ ಹಾಕಿಸಿದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಕೋಪಿನ ಗ್ರೌಂಡ್ ಕ್ಲಿಪ್ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಅರ್ತ್‌ಗೆ ಸೇರಿರುತ್ತದೆ. ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಬದಿಗೆ ಅದನ್ನು ಎಂದಿಗೂ ತಾಗಿಸಬಾರದು. ಸೆಕೆಂಡರಿ ಬದಿಯಲ್ಲೂ ಎರಡು ಚಾನೆಲ್ಲಿನ ಎರಡು ಕ್ಲಿಪ್ಪುಗಳನ್ನು ಬೇರೆ ಬೇರೆ ಜಾಗಕ್ಕೆ ಹಾಕಬಾರದು, ಏಕೆಂದರೆ ಸ್ಕೋಪಿನೊಳಗೆ ಅವೆರಡೂ ಒಂದೇ ತಂತಿ. ಬ್ರಿಡ್ಜಿನ ಎಸಿ ಕಾಲಿಗೊಂದು ಕ್ಲಿಪ್, ಮೈನಸ್ಸಿಗೊಂದು ಕ್ಲಿಪ್ ಹಾಕಿದರೆ ನಡುವಿನ ಡಯೋಡ್ ಶಾರ್ಟ್ ಆದಂತೆ. ಮುಂದಿನ ಅರ್ಧ ಆವರ್ತದಲ್ಲಿ ಎದುರಿನ ಡಯೋಡು ಹೊಗೆಯಾಡುತ್ತದೆ. ಮಿಕ್ಸರಿನ ಕೇಬಲ್ಲು ಬೇರೆ ಯಾವುದೋ ಅರ್ತ್ ಇರುವ ಆಂಪ್ಲಿಫೈಯರಿಗೆ ಸೇರಿದ್ದರೆ ಒಂದೇ ಕ್ಲಿಪ್ಪಿನಲ್ಲೂ ಇದೇ ಅನಾಹುತ ಆಗಬಹುದು, ಹಾಗಾಗಿ ಅದನ್ನೂ ಬಿಡಿಸಿದೆವು.

ಹುಡುಗ `AC` ಕಪ್ಲಿಂಗಿಗೆ ಹಾಕಿ ಅಲೆಯನ್ನು ದೊಡ್ಡದು ಮಾಡಿಕೊಂಡ. "ಅಣ್ಣ, ರಿಪಲ್ ಬರೀ 145 ಮಿಲಿವೋಲ್ಟ್. ಇಷ್ಟು ಒಳ್ಳೇ ಸಪ್ಲೈ ನಾನು ನೋಡೇ ಇಲ್ಲ" ಎಂದ.

ಅಷ್ಟು ಒಳ್ಳೆಯದಿರಲು ಸಾಧ್ಯವೇ ಇಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಪ್ಲಿಂಗನ್ನು `DC`ಗೆ ತಿರುಗಿಸು ಅಂದೆ. ಪರದೆ 1.8 ವೋಲ್ಟ್ ತೋರಿಸಿತು. 15 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ಹಿಂದೆ 1.8 ವೋಲ್ಟ್ ಡಿಸಿ ಎಲ್ಲಿಂದ ಬರಬೇಕು? ಪ್ರೋಬಿನ ಗುಂಡಿ ಹತ್ತರಲ್ಲಿ ಇತ್ತು, ಚಾನೆಲ್ಲಿನ ಮೆನು `1X`ನಲ್ಲಿ ಇತ್ತು. `10X` ಮಾಡಿದ ಮೇಲೆ ನಿಜ ಹೊರಬಂತು: ಡಿಸಿ ಸುಮಾರು 18 ವೋಲ್ಟ್, ರಿಪಲ್ ತುದಿಯಿಂದ ತಳಕ್ಕೆ 1.45 ವೋಲ್ಟ್. ಈ ತಪ್ಪು ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ಆದ್ದರಿಂದಲೇ ನಾನು ಯಾವಾಗಲೂ ಮೊದಲು ಡಿಸಿ ಕಪ್ಲಿಂಗಿನಲ್ಲಿ ಪೂರ್ತಿ ವೋಲ್ಟೇಜ್ ನೋಡಿಸುತ್ತೇನೆ. ಅದು ಮಲ್ಟಿಮೀಟರಿಗೆ ತಾಳೆಯಾದ ಮೇಲೆಯೇ ಎಸಿಗೆ ಹೋಗಬೇಕು.

ಈಗ 1.45 ವೋಲ್ಟನ್ನು ಏನೆಂದು ತಿಳಿಯುವುದು? ಕಂಡೆನ್ಸರು ಒಂದು ಹಂಡೆ ಇದ್ದ ಹಾಗೆ. ಡಯೋಡು ಆಗಾಗ ಬಂದು ಒಂದೊಂದು ಕೊಡ ಸುರಿದು ಹೋಗುತ್ತದೆ. ಕೆಳಗಿನ ನಲ್ಲಿಯಿಂದ ಲೋಡ್ ಒಂದೇ ಸಮನೆ ಬಿಟ್ಟುಕೊಳ್ಳುತ್ತಿರುತ್ತದೆ. ಎರಡು ಕೊಡಗಳ ನಡುವೆ ಮಟ್ಟ ಎಷ್ಟು ಇಳಿಯುತ್ತದೋ ಅದೇ ರಿಪಲ್. ಲೆಕ್ಕ ಬರೆದರೆ `ΔV = I × t / C`. ಇಲ್ಲಿ `t` ಎಂದರೆ ಕೊಡ ಬರದೆ ಕಾಯುವ ಹೊತ್ತು. ಪುಸ್ತಕಗಳು ಸಾಮಾನ್ಯವಾಗಿ ಫುಲ್ ವೇವ್‌ಗೆ 10 ಮಿಲಿಸೆಕೆಂಡ್, ಹಾಫ್ ವೇವ್‌ಗೆ 20 ಮಿಲಿಸೆಕೆಂಡ್ ಹಾಕಿ ಲೆಕ್ಕ ಮಾಡಿಸುತ್ತವೆ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಒಂದು ಪೂರ್ಣ ಆವರ್ತ 20 ಮಿಲಿಸೆಕೆಂಡ್. ಎರಡೂ ಅರ್ಧವನ್ನು ಬಳಸಿಕೊಂಡರೆ 10ಕ್ಕೊಮ್ಮೆ ಕೊಡ ಬರುತ್ತದೆ. ನಿಜದಲ್ಲಿ ತುಂಬುವುದಕ್ಕೂ ಎರಡು ಮೂರು ಮಿಲಿಸೆಕೆಂಡ್ ಹಿಡಿಯುವುದರಿಂದ ಇಳಿಯುವ ಹೊತ್ತು ಅಷ್ಟು ಕಮ್ಮಿ. ಆದ್ದರಿಂದ ಪುಸ್ತಕದ ಲೆಕ್ಕಕ್ಕಿಂತ ಸ್ಕೋಪಿನ ಅಳತೆ ಯಾವಾಗಲೂ ತುಸು ಕೆಳಗಿರುತ್ತದೆ. ಫುಲ್ ವೇವ್‌ನಲ್ಲಿ ಇಳಿಯುವ ಹೊತ್ತು ಏಳೂವರೆ ಎಂದು ಹಿಡಿಯುವುದು ನನ್ನ ರೂಢಿ.

ಈ ಸಪ್ಲೈ ಹುಟ್ಟಿದಾಗ ಇದ್ದದ್ದು 2200 ಮೈಕ್ರೋಫ್ಯಾರಡ್. 0.4 ಆಂಪಿಯರಿನಲ್ಲಿ ಅದು ಮಿಲಿಸೆಕೆಂಡಿಗೆ 0.18 ವೋಲ್ಟ್ ಇಳಿಯಬೇಕು. ಏಳೂವರೆ ಮಿಲಿಸೆಕೆಂಡಿಗೆ 1.4 ವೋಲ್ಟಿನ ಹತ್ತಿರ. ನನ್ನೆದುರು ಪರದೆಯಲ್ಲಿ ಇದ್ದದ್ದು 1.45. ಹೊಸದಾಗಿದ್ದಾಗ ಎಷ್ಟಿರಬೇಕಿತ್ತೋ ಹೆಚ್ಚುಕಮ್ಮಿ ಅಷ್ಟೇ. ಒಂದು ಕ್ಷಣ ನಾನೂ ಇದನ್ನು ಒಪ್ಪಿಬಿಟ್ಟೆ. ಸಪ್ಲೈ ಸರಿ ಇದೆ, ಟ್ರಾನ್ಸ್‌ಫಾರ್ಮರಿನ ಸುತ್ತುಗಳಲ್ಲೇ ಎಲ್ಲೋ ಶಾರ್ಟ್ ಇರಬೇಕು, ಹೊಸದು ಹಾಕಬೇಕು ಎಂದು ಮೇಷ್ಟ್ರಿಗೆ ಹೇಳಲು ಬಾಯಿ ತೆರೆದಿದ್ದೆ.

ತಡೆದದ್ದು 4700 ಎಂಬ ಅಂಕಿ. ಈಗ ಒಳಗಿರುವುದು 2200 ಅಲ್ಲವಲ್ಲ. 4700 ಇದ್ದ ಮೇಲೆ ಇಳಿಜಾರು ಮಿಲಿಸೆಕೆಂಡಿಗೆ 0.085 ವೋಲ್ಟಷ್ಟೇ ಇರಬೇಕು. ಏಳೂವರೆ ಮಿಲಿಸೆಕೆಂಡಿಗೆ 0.64 ವೋಲ್ಟ್. 1.45 ಎಂದರೆ ಇರಬೇಕಾದ್ದರ ಎರಡು ಪಟ್ಟಿಗಿಂತಲೂ ಹೆಚ್ಚು. ಹಾಗಾದರೆ ಹೊಸ ಕಂಡೆನ್ಸರೇ ಕಳಪೆಯೋ, ಇಲ್ಲ ಬೇರೆ ಏನಾದರೂ ಇದೆಯೋ?

ಆಗ ಅಡ್ಡಕ್ಕೆ ಓದಿದೆವು. ಎತ್ತರವನ್ನಷ್ಟೇ ನೋಡುತ್ತ ಅಲ್ಲಿಯವರೆಗೆ ಇಬ್ಬರೂ ಸಮಯದ ಅಕ್ಷದ ಕಡೆ ಕಣ್ಣೇ ಹಾಯಿಸಿರಲಿಲ್ಲ. ಹುಡುಗ ಅಲೆ ತುಂಬ ಕಾಣಲಿ ಎಂದು ಒಂದು ಚೌಕಕ್ಕೆ 20 ಮಿಲಿಸೆಕೆಂಡ್ ಇಟ್ಟಿದ್ದ. ಗರಗಸದ ಹಲ್ಲುಗಳ ಹಾಗೆ ಒತ್ತೊತ್ತಾಗಿ ಕಾಣುತ್ತಿತ್ತು. ಅದರಲ್ಲಿ 10 ಯಾವುದು 20 ಯಾವುದು ಎಂದು ಕಣ್ಣಿಗೆ ಹೊಳೆಯುವುದಿಲ್ಲ. ಚೌಕಕ್ಕೆ 5 ಮಿಲಿಸೆಕೆಂಡ್ ಮಾಡಿಸಿದೆ, ಎತ್ತರಕ್ಕೆ ಚೌಕಕ್ಕೆ ಅರ್ಧ ವೋಲ್ಟ್. ಟ್ರಿಗರನ್ನು `LINE`ಗೆ ಇಟ್ಟೆ. ರಿಪಲ್ಲು ಮೈನ್ಸಿನ ಜೊತೆಗೇ ನಡೆಯುವುದರಿಂದ ಆ ಟ್ರಿಗರಿನಲ್ಲಿ ಚಿತ್ರ ಕದಲದೆ ನಿಲ್ಲುತ್ತದೆ, ಮೇಲೆ ಕೂತ ಸಣ್ಣಪುಟ್ಟ ಗದ್ದಲಕ್ಕೆ ಬೆದರುವುದಿಲ್ಲ. ಈ ಅಳತೆಯಲ್ಲಿ ಫುಲ್ ವೇವ್ ಎಂದರೆ ಎರಡೆರಡು ಚೌಕಕ್ಕೆ ಒಂದು ಹಲ್ಲು. ಹಾಫ್ ವೇವ್ ಎಂದರೆ ನಾಲ್ಕಕ್ಕೆ ಒಂದು.

ತುದಿಯಿಂದ ತುದಿಗೆ ಎಣಿಸು ಎಂದೆ. ಹುಡುಗ ಬೆರಳಿಟ್ಟು ಎಣಿಸಿದ. "ಒಂದು, ಎರಡು, ಮೂರು, ನಾಲ್ಕು." ಮತ್ತೊಮ್ಮೆ ಎಣಿಸಿದ. ನಾಲ್ಕೇ.

ಚಿತ್ರವನ್ನು ನಿಧಾನವಾಗಿ ನೋಡಿದರೆ ಎಲ್ಲವೂ ಅದರಲ್ಲೇ ಬರೆದಿತ್ತು. ಏರು ಭಾಗ ಕಡಿದು, ಅರ್ಧ ಚೌಕಕ್ಕಿಂತ ತುಸು ಹೆಚ್ಚು ಅಗಲ, ಅಂದರೆ ಸುಮಾರು 3 ಮಿಲಿಸೆಕೆಂಡ್. ಆಮೇಲೆ ಉದ್ದಕ್ಕೆ ನೇರವಾದ ಇಳಿಜಾರು, ಮೂರೂವರೆ ಚೌಕದ ಹತ್ತಿರ, 17 ಮಿಲಿಸೆಕೆಂಡ್. ಈ ಇಳಿಜಾರಿನ ಓರೆಯನ್ನು ಅಳೆದೆವು. 17 ಮಿಲಿಸೆಕೆಂಡಿನಲ್ಲಿ 1.45 ವೋಲ್ಟ್, ಅಂದರೆ ಮಿಲಿಸೆಕೆಂಡಿಗೆ 0.085. ಲೆಕ್ಕಕ್ಕೆ ತಕ್ಕ ಹಾಗೆ 4700 ಮೈಕ್ರೋಫ್ಯಾರಡ್. ಹಾಗಾಗಿ ಹೊಸ ಕಂಡೆನ್ಸರು ನಿರಪರಾಧಿ. ಇಳಿಜಾರಿನ ಓರೆ ಕಂಡೆನ್ಸರಿನ ಮತ್ತು ಲೋಡಿನ ಮಾತು ಹೇಳುತ್ತದೆ, ಹಲ್ಲಿನಿಂದ ಹಲ್ಲಿಗಿರುವ ದೂರ ಡಯೋಡುಗಳ ಮಾತು ಹೇಳುತ್ತದೆ. ಎತ್ತರ ಇವೆರಡರ ಗುಣಲಬ್ಧ. ಎರಡು ಬೇರೆ ಬೇರೆ ಜೋಡಿಗಳು ಒಂದೇ ಎತ್ತರ ಕೊಡಬಹುದು, ಇಲ್ಲಿ ಆದದ್ದೂ ಅದೇ. 2200ರ ಜೊತೆ ಪೂರ್ತಿ ಬ್ರಿಡ್ಜ್ ಎಷ್ಟು ರಿಪಲ್ ಕೊಡುತ್ತಿತ್ತೋ, 4700ರ ಜೊತೆ ಅರ್ಧ ಸತ್ತ ಬ್ರಿಡ್ಜ್ ಅಷ್ಟೇ ಕೊಡುತ್ತಿತ್ತು. ಹಿಂದಿನ ರಿಪೇರಿಯವರು ಸ್ಕೋಪಿನಲ್ಲಿ ಎತ್ತರ ಮಾತ್ರ ನೋಡಿದ್ದರೂ ಸರಿಯಾಗಿದೆ ಎಂದೇ ಕಳಿಸುತ್ತಿದ್ದರು.

50 ಹರ್ಟ್ಜ್ ಕಂಡ ಕೂಡಲೇ ಡಯೋಡಿನ ಮೇಲೆ ಹಾರಬಾರದು ಎಂಬುದನ್ನೂ ಹುಡುಗನಿಗೆ ತೋರಿಸಿದೆ. ಪ್ರೋಬಿನ ಉದ್ದ ಗ್ರೌಂಡ್ ತಂತಿ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಬಳಸಿಕೊಂಡಿದ್ದರೆ ಅದರ ಕಾಂತಕ್ಷೇತ್ರವನ್ನೇ ಹಿಡಿದು 50 ಹರ್ಟ್ಜ್ ತೋರಿಸಬಹುದು. ಪ್ರೋಬಿನ ತುದಿಯನ್ನು ತನ್ನದೇ ಕ್ಲಿಪ್ಪಿಗೆ ತಾಗಿಸಿ, ಎರಡನ್ನೂ ಕಂಡೆನ್ಸರಿನ ಮೈನಸ್ ಕಾಲಿನಲ್ಲಿ ಹಿಡಿದರೆ ಗೆರೆ ಸಪಾಟಾಗಬೇಕು. ನಮ್ಮದು ಸಪಾಟಾಯಿತು. ಮೇಲಾಗಿ ಅಂಥ ಎಳೆದುಕೊಂಡ ಅಲೆ ದುಂಡಗಿರುತ್ತದೆ, ಹೀಗೆ ಗರಗಸದ ಹಲ್ಲಿನಂತೆ ಒಂದು ಬದಿ ಕಡಿದು ಇನ್ನೊಂದು ಬದಿ ಓರೆಯಾಗಿ ಇರುವುದಿಲ್ಲ. ಇನ್ನೊಂದು ಸಾಧ್ಯತೆ, ಎರಡೂ ಅರ್ಧ ನಡೆಯುತ್ತಿದ್ದರೂ ಒಂದರಲ್ಲಿ ತಡೆ ಹೆಚ್ಚಾಗಿರುವುದು. ಆಗ 10 ಮಿಲಿಸೆಕೆಂಡಿಗೊಂದು ಹಲ್ಲು ಇದ್ದೇ ಇರುತ್ತದೆ, ಒಂದು ದೊಡ್ಡದು, ಪಕ್ಕದ್ದು ಗಿಡ್ಡ. ಇಲ್ಲಿ ನಡುವೆ ಗಿಡ್ಡ ಹಲ್ಲಿನ ಸುಳಿವೂ ಇರಲಿಲ್ಲ. ಒಂದು ಅರ್ಧ ಪೂರ್ತಿ ಇಲ್ಲವಾಗಿತ್ತು.

ಬ್ರಿಡ್ಜಿನಲ್ಲಿ ಡಯೋಡುಗಳು ಜೋಡಿಯಾಗಿ ದುಡಿಯುತ್ತವೆ. ಒಂದು ಅರ್ಧಕ್ಕೆ ಒಂದು ಮೂಲೆಯ ಜೋಡಿ, ಇನ್ನೊಂದು ಅರ್ಧಕ್ಕೆ ಎದುರು ಮೂಲೆಯ ಜೋಡಿ. ಒಂದು ಡಯೋಡ್ ಕಡಿದುಹೋದರೆ ಅದರ ಜೊತೆಗಾರನೂ ಕೆಲಸವಿಲ್ಲದೆ ಕೂರುತ್ತದೆ. ಉಳಿದ ಜೋಡಿ ಇಡೀ ಭಾರ ಹೊರುತ್ತದೆ. ಇದನ್ನು ಬೆರಳಿನಿಂದಲೇ ತಿಳಿಯಬಹುದು. ಒಂದು ಗಂಟೆ ಓಡಿಸಿ, ಪ್ಲಗ್ ಕಿತ್ತು, ಕಂಡೆನ್ಸರ್ ಖಾಲಿಯಾದ ಮೇಲೆ ನಾಲ್ಕನ್ನೂ ಮುಟ್ಟಿ ನೋಡಲು ಹೇಳಿದೆ. "ಎರಡು ಚುರ್ ಅಂತಾವೆ, ಎರಡು ತಣ್ಣಗಿವೆ" ಎಂದ ಹುಡುಗ. ತಣ್ಣಗಿದ್ದವು ಕರ್ಣಕ್ಕೆ ಎದುರುಬದುರು ಇದ್ದವೇ.

ಟ್ರಾನ್ಸ್‌ಫಾರ್ಮರ್ ಯಾಕೆ ಬಿಸಿಯಾಗುತ್ತಿತ್ತು ಎಂಬುದಕ್ಕೂ ಇಲ್ಲೇ ಉತ್ತರ ಇತ್ತು. ಲೋಡಿಗೆ 0.4 ಆಂಪಿಯರ್ ಸತತವಾಗಿ ಹೋಗಲೇಬೇಕು. ಫುಲ್ ವೇವ್‌ನಲ್ಲಿ ಅಷ್ಟನ್ನು ಸೆಕೆಂಡಿಗೆ 100 ಕೊಡದಲ್ಲಿ ಹೊರುತ್ತಿದ್ದ ಸುರುಳಿ ಈಗ 50 ಕೊಡದಲ್ಲಿ ಹೊರಬೇಕು, ಒಂದೊಂದು ಕೊಡವೂ ಎರಡು ಪಟ್ಟು. ಮೂರು ಮಿಲಿಸೆಕೆಂಡಿನ ಆ ಚೂರು ಹೊತ್ತಿನಲ್ಲಿ ಸರಾಸರಿ 2.7 ಆಂಪಿಯರಿನಷ್ಟು ಹರಿಯುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ಏರುವುದರಿಂದ ಇದರ ಪೆಟ್ಟು ದೊಡ್ಡದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡೂ ಅರ್ಧ ನಡೆಯುವಾಗ ಸೆಕೆಂಡರಿಯಲ್ಲಿ ಕರೆಂಟು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹರಿಯುತ್ತದೆ, ಒಟ್ಟು ಸೊನ್ನೆ. ಹಾಫ್ ವೇವ್‌ನಲ್ಲಿ ಯಾವಾಗಲೂ ಒಂದೇ ಕಡೆ. ಅಂದರೆ ಸುರುಳಿಯಲ್ಲಿ 0.4 ಆಂಪಿಯರ್ ಡಿಸಿ ಹರಿದಂತೆ. ಅದು ಕಬ್ಬಿಣದ ಕೋರನ್ನು ಒಂದು ಬದಿಗೆ ಕಾಂತೀಯವಾಗಿ ತಳ್ಳಿಬಿಡುತ್ತದೆ. ಆ ಬದಿಯ ಅರ್ಧ ಆವರ್ತದಲ್ಲಿ ಕೋರು ಸ್ಯಾಚುರೇಟ್ ಆಗಿ ಪ್ರೈಮರಿ ಸುಮ್ಮನೆ ಹೆಚ್ಚು ಕರೆಂಟ್ ಎಳೆಯುತ್ತದೆ. ಜುಂಯ್‌ಗುಡುವುದು ಅದರ ಸದ್ದು. ದೊಡ್ಡ ಕಂಡೆನ್ಸರ್ ಹಾಕಿದರೆ ಈ ಎರಡರಲ್ಲಿ ಒಂದೂ ಕಮ್ಮಿಯಾಗುವುದಿಲ್ಲ. ರಿಪಲ್ಲಿನ ಎತ್ತರ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರಿನ ಸಂಕಟ ಹಾಗೇ ಉಳಿಯುತ್ತದೆ. ಕೋರಿನ ಮೇಲೆ ತಾಪ ಅಳೆಯುವ ತಂತಿ ಅಂಟಿಸಿ ನೋಡಿದಾಗ ಒಂದು ಗಂಟೆಯ ಹೊತ್ತಿಗೆ 78 ಡಿಗ್ರಿ ದಾಟಿತ್ತು.

ಯಾವ ಡಯೋಡು ಎಂದು ಹುಡುಕುವುದು ಸುಲಭವಾಗಬೇಕಿತ್ತು, ಆಗಲಿಲ್ಲ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಬೋರ್ಡಿನ ಮೇಲಿಂದ ಒಂದೊಂದರ ಕಾಲು ಮುಟ್ಟಿದರೆ ನಾಲ್ಕೂ 0.6ರ ಹತ್ತಿರ ತೋರಿಸಿ, ತಿರುಗಿಸಿದರೆ ತೆರೆದಂತೆ ತೋರಿಸಿದವು. ಎಲ್ಲವೂ ಚೆನ್ನಾಗಿವೆ! ಹುಡುಗ ನನ್ನ ಮುಖ ನೋಡಿದ. ಹಿಂದಿನವರೂ ಬಹುಶಃ ಇಲ್ಲಿಗೇ ಬಂದು ಡಯೋಡುಗಳನ್ನು ಬಿಟ್ಟು ಕಂಡೆನ್ಸರಿಗೆ ಹೋಗಿರಬೇಕು. ಅವರನ್ನು ದೂರುವ ಮನಸ್ಸು ನನಗೆ ಬರಲಿಲ್ಲ, ಮೀಟರ್ ಹೇಳಿದ್ದನ್ನೇ ನಂಬಿದ್ದರು.

ಬೋರ್ಡನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿದೆ. ತಣ್ಣಗಿದ್ದ ಡಯೋಡುಗಳಲ್ಲಿ ಒಂದರ ಕಾಲಿನ ಸುತ್ತ, ಬೆಸುಗೆಯ ಗುಬ್ಬಿಯಲ್ಲಿ, ಕೂದಲೆಳೆಯಂಥ ಕಪ್ಪು ಉಂಗುರ. ಬೆಸುಗೆ ತಟ್ಟೆಗೆ ಅಂಟಿಕೊಂಡಿದೆ, ಕಾಲು ಬೆಸುಗೆಯಿಂದ ಬಿಟ್ಟುಕೊಂಡಿದೆ. ಟ್ರಾನ್ಸ್‌ಫಾರ್ಮರನ್ನು ಅದೇ ಬೋರ್ಡಿಗೆ ಕೂರಿಸಿದ್ದರು. ಜೀಪಿನಲ್ಲಿ ಊರೂರಿಗೆ ಹೋಗುವಾಗ ಆ ಭಾರಕ್ಕೆ ಬೋರ್ಡು ಬಾಗಿ ಬಾಗಿ, ಬಿಗಿಯಾಗಿ ಎಳೆದು ಕೂರಿಸಿದ್ದ ಡಯೋಡಿನ ಕಾಲಿನ ಬುಡ ಬಿರುಕು ಬಿಟ್ಟಿತ್ತು. ಮೇಲಿಂದ ಮೀಟರಿನ ಮುಳ್ಳು ಮುಟ್ಟುತ್ತಿದ್ದದ್ದು ಡಯೋಡಿನ ಕಾಲನ್ನೇ, ಬೋರ್ಡಿನ ತಟ್ಟೆಯನ್ನಲ್ಲ. ಡಯೋಡು ನಿಜಕ್ಕೂ ಚೆನ್ನಾಗಿಯೇ ಇತ್ತು, ಸರ್ಕೀಟಿಗೆ ಸೇರಿರಲಿಲ್ಲ ಅಷ್ಟೆ. ಸೆಕೆಂಡರಿಯ ಒಂದು ತುದಿಯನ್ನು ಸ್ವಲ್ಪ ಹೊತ್ತಿಗೆ ಬಿಡಿಸಿ, ಮೀಟರಿನ ಮುಳ್ಳುಗಳನ್ನು ಕೆಳಬದಿಯಲ್ಲಿ, ಆ ಡಯೋಡಿನಿಂದ ಹೊರಡುವ ತಾಮ್ರದ ಗೆರೆಗಳ ಮೇಲೆ ಇಟ್ಟಾಗ ಎರಡೂ ದಿಕ್ಕಿನಲ್ಲಿ ತೆರೆದಂತೆ ತೋರಿಸಿತು.

ಬೆಸುಗೆ ಹಾಕುವ ಮೊದಲು ಮೇಷ್ಟ್ರ ಮೊದಲ ದೂರನ್ನೂ ಪರೀಕ್ಷಿಸಿ ನೋಡಬೇಕು ಎನ್ನಿಸಿತು. ಹಮ್ಮಿಂಗ್ ಸಂಜೆ ಮಾತ್ರ ಯಾಕೆ ಬರುತ್ತಿತ್ತು? ಕವರಿನಲ್ಲಿದ್ದ ಹಳೆಯ ಕಂಡೆನ್ಸರನ್ನು ಅಳೆದರೆ 2150 ಮೈಕ್ರೋಫ್ಯಾರಡ್, ಏನೂ ಕೆಟ್ಟಿರಲಿಲ್ಲ. ಅದನ್ನೇ ಮತ್ತೆ ಹಾಕಿ, ಬಿರುಕನ್ನು ಹಾಗೇ ಬಿಟ್ಟು, 230 ವೋಲ್ಟ್ ಕೊಟ್ಟೆವು. ರಿಪಲ್ 3.1 ವೋಲ್ಟಿಗೆ ಏರಿತು, ಹಲ್ಲು 20 ಮಿಲಿಸೆಕೆಂಡಿಗೊಂದೇ. ಡಿಸಿ ಕಪ್ಲಿಂಗಿನಲ್ಲಿ ತುದಿ 18.6 ವೋಲ್ಟ್, ತಳ 15.5. 7812ಕ್ಕೆ ತನ್ನ 12ರ ಮೇಲೆ ಸುಮಾರು 2 ವೋಲ್ಟ್ ಹೆಚ್ಚುವರಿ ಇದ್ದರೆ ಸಾಕು. ಹಾಗಾಗಿ ಹೊರಗೆ ಶುದ್ಧ 12 ವೋಲ್ಟ್ ಬರುತ್ತಿತ್ತು, ಹಮ್ಮಿಂಗ್ ಇಲ್ಲ. ಮೇಷ್ಟ್ರು ಹಗಲು ಮನೆಯಲ್ಲಿ ಕಂಡದ್ದು ಇದು.

ಆಮೇಲೆ ಮೈನ್ಸಿನ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಳಿಸುವ ವೇರಿಯಾಕನ್ನು ನಿಧಾನಕ್ಕೆ ಇಳಿಸುತ್ತ ಬಂದೆ. ಅವರ ಊರಿನಲ್ಲಿ ಸಂಜೆ ಎಲ್ಲರ ಮನೆಯ ದೀಪ, ಪಂಪು ಒಟ್ಟಿಗೆ ಹತ್ತಿದಾಗ ವೋಲ್ಟೇಜು 200ರ ಹತ್ತಿರ ಇಳಿಯುತ್ತದೆ ಎಂದು ಅವರೇ ಹೇಳಿದ್ದರು. 200ಕ್ಕೆ ಬಂದಾಗ ತುದಿ 16ಕ್ಕೆ, ತಳ 12.9ಕ್ಕೆ ಕುಸಿಯಿತು. ಎರಡನೇ ಚಾನೆಲ್ಲಿನ ಪ್ರೋಬನ್ನು ರೆಗ್ಯುಲೇಟರಿನ ಹೊರಬದಿಗೆ ಇಟ್ಟಿದ್ದೆ, ಅದರ ಕ್ಲಿಪ್ಪನ್ನು ಮೊದಲನೆಯದರ ಜಾಗದಲ್ಲೇ ಸೇರಿಸಿ. ಅಲ್ಲಿಯವರೆಗೆ ಸಪಾಟಾಗಿದ್ದ 12 ವೋಲ್ಟಿನ ಗೆರೆಯಲ್ಲಿ, ಪ್ರತಿ ಹಲ್ಲಿನ ತಳದ ನೇರಕ್ಕೆ, ಒಂದೊಂದು ಗುಳಿ ಬೀಳತೊಡಗಿತು. ಒಂದೊಂದೂ ಐದಾರು ಮಿಲಿಸೆಕೆಂಡ್ ಅಗಲ, ಆಳದಲ್ಲಿ 11 ವೋಲ್ಟ್. ಮಿಕ್ಸರಿಗೆ ಜೋಡಿಸಿದ್ದ ಹೆಡ್‌ಫೋನಿನಲ್ಲಿ ಗುಂಯ್ ಎಂದಿತು. ಮೇಷ್ಟ್ರು ಎದ್ದು ಬಂದರು. "ಹಾಂ, ಇದೇ ನೋಡು. ಇದೇ ಶಬ್ದ!"

ರೆಗ್ಯುಲೇಟರ್ ಇರುವ ಸಪ್ಲೈಯಲ್ಲಿ ರಿಪಲ್ಲಿನ ಎತ್ತರ ಅಷ್ಟಕ್ಕೇ ದೋಷವಲ್ಲ. ಅದರ ತಳ ಎಲ್ಲಿ ಮುಟ್ಟುತ್ತದೆ ಎಂಬುದೇ ಮುಖ್ಯ. ಆ ತಳವನ್ನು ಎಸಿ ಕಪ್ಲಿಂಗಿನಲ್ಲಿ ನೋಡಲು ಬರುವುದಿಲ್ಲ, ಅದು ಡಿಸಿಯನ್ನೇ ಕತ್ತರಿಸಿ ಅಲೆಯನ್ನು ನಡುಗೆರೆಗೆ ತಂದು ಕೂರಿಸಿರುತ್ತದೆ. ಮಲ್ಟಿಮೀಟರೂ ಸರಾಸರಿಯನ್ನಷ್ಟೇ ಹೇಳುತ್ತದೆ. ನಮ್ಮ 200 ವೋಲ್ಟಿನ ಪರೀಕ್ಷೆಯಲ್ಲಿ ಕಂಡೆನ್ಸರಿನ ಮೇಲೆ ಮೀಟರ್ 14.5 ತೋರಿಸುತ್ತಿತ್ತು, ಸಾಕಷ್ಟಿದೆ ಎಂದೇ ಅನ್ನಿಸುತ್ತದೆ. 4700 ಹಾಕಿದ ಮೇಲೆ ಅದೇ 200 ವೋಲ್ಟಿನಲ್ಲಿ ತಳ 14.5ರ ಮೇಲೆ ಉಳಿಯುತ್ತದೆ, ಆದ್ದರಿಂದ ಹಮ್ಮಿಂಗ್ ನಿಂತಿತ್ತು.

ಬಿರುಕು ಬಿಟ್ಟ ಗುಬ್ಬಿಗೆ ಮೇಲಿಂದ ಬೆಸುಗೆ ಸವರಿದರೆ ಸಾಲದು. ಹಳೆಯದನ್ನು ಹೀರಿ ತೆಗೆದು, ಕಾಲನ್ನು ಕೆರೆದು ಹೊಳಪು ಬರಿಸಿ, ಹೊಸ ಬೆಸುಗೆ ಹಾಕಬೇಕು, ಇಲ್ಲದಿದ್ದರೆ ಆರು ತಿಂಗಳಿಗೆ ಮತ್ತೆ ಬಿಡುತ್ತದೆ. ನಾವು ನಾಲ್ಕೂ ಡಯೋಡ್ ತೆಗೆದು ಹೊಸ 4007 ಹಾಕಿದೆವು. ಮೂರು ತಿಂಗಳು ಎರಡರಷ್ಟು ಭಾರ ಹೊತ್ತ ಜೋಡಿಯನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ, ನಾಲ್ಕಕ್ಕೂ ಸೇರಿ ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಈ ಸಲ ಕಾಲುಗಳನ್ನು ಎಳೆದು ಬಿಗಿಯದೆ, ಸಣ್ಣ ಕೊಕ್ಕೆಯ ಹಾಗೆ ಬಾಗಿಸಿ ಸಡಿಲ ಬಿಟ್ಟೆವು. ಬೋರ್ಡು ಬಾಗಿದರೆ ಆ ಕೊಕ್ಕೆ ಅಲುಗಾಡಿ ತಡೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರನ್ನು ಬೋರ್ಡಿನಿಂದ ಬಿಡಿಸಿ ಡಬ್ಬಿಯ ತಳಕ್ಕೇ ಎರಡು ಬೋಲ್ಟಿನಲ್ಲಿ ಕೂರಿಸಿದೆವು.

ಕಂಡೆನ್ಸರಿನ ವಿಷಯದಲ್ಲಿ ಹುಡುಗನಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. 2200ವೇ ಸಾಕು, ಮೂಲದಲ್ಲಿ ಲೆಕ್ಕ ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ ಎಂದು ಅವನ ವಾದ. ಅದು ನಿಜ. ಪೂರ್ತಿ ಬ್ರಿಡ್ಜಿನ ಜೊತೆ 2200 ಇದ್ದರೆ 200 ವೋಲ್ಟಿನಲ್ಲೂ ತಳ 14.9ರ ಹತ್ತಿರ ನಿಲ್ಲುತ್ತದೆ. ಆದರೆ 180ಕ್ಕೆ ಇಳಿಯುವ ದಿನಗಳೂ ಇವೆ ಎಂದು ಮೇಷ್ಟ್ರು ಹೇಳಿದ್ದರಿಂದ 4700 ಅಲ್ಲೇ ಇರಲಿ ಎಂದೆ. ಎಷ್ಟು ದೊಡ್ಡ ಕಂಡೆನ್ಸರಾದರೂ ತುದಿಯ ವೋಲ್ಟೇಜನ್ನು ಏರಿಸಲಾರದು, ತಳವನ್ನು ತುದಿಯ ಹತ್ತಿರಕ್ಕೆ ಎತ್ತಬಲ್ಲದು ಅಷ್ಟೆ. 180ರಲ್ಲಿ ತುದಿಯೇ 14.5ರ ಸುಮಾರಿಗೆ ಇಳಿಯುವುದರಿಂದ ಅಲ್ಲಿ ಮುಕ್ಕಾಲು ವೋಲ್ಟಿನ ಉಳಿತಾಯವೂ ಲೆಕ್ಕಕ್ಕೆ ಬರುತ್ತದೆ. ಹೊಸ ಕಂಡೆನ್ಸರು ಹಳೆಯದಕ್ಕಿಂತ ಎತ್ತರ ಇದ್ದು ಕಾಲಿನ ಮೇಲೆ ತೂಗಾಡುತ್ತಿತ್ತು. ಅದೂ ಇನ್ನೊಂದು ಬಿರುಕಿಗೆ ದಾರಿಯಾದೀತೆಂದು ಬುಡಕ್ಕೆ ಸಿಲಿಕೋನ್ ಹಾಕಿ ಬೋರ್ಡಿಗೆ ಅಂಟಿಸಿದೆವು.

ಕೊನೆಗೆ ಅದೇ ಲೋಡು, ಅದೇ ಅಳತೆ, ಚೌಕಕ್ಕೆ 5 ಮಿಲಿಸೆಕೆಂಡ್, ಅರ್ಧ ವೋಲ್ಟ್. ಹುಡುಗ ಈ ಸಲ ಕೇಳದೆಯೇ ಮೊದಲು ಅಡ್ಡಕ್ಕೆ ಎಣಿಸಿದ, ಎರಡು ಚೌಕಕ್ಕೆ ಒಂದು ಹಲ್ಲು. ಎಲ್ಲ ಹಲ್ಲುಗಳೂ ಒಂದೇ ಎತ್ತರ. ಆಮೇಲೆ ಉದ್ದಕ್ಕೆ ಓದಿದ, 0.65 ವೋಲ್ಟ್. ಇಳಿಜಾರಿನ ಓರೆ ಮೊದಲಿನಷ್ಟೇ ಇತ್ತು, ಹೊತ್ತು ಮಾತ್ರ ಅರ್ಧಕ್ಕಿಂತ ಕಮ್ಮಿಯಾಗಿತ್ತು. ವೇರಿಯಾಕನ್ನು 200ಕ್ಕೆ ಇಳಿಸಿದಾಗ 12 ವೋಲ್ಟಿನ ಗೆರೆ ಕದಲಲಿಲ್ಲ. ಟ್ರಾನ್ಸ್‌ಫಾರ್ಮರಿನ ಜುಂಯ್ ಸದ್ದು ಬೆಸುಗೆ ಹಾಕಿ ಸ್ವಿಚ್ ಒತ್ತಿದ ಕ್ಷಣದಿಂದಲೇ ಇರಲಿಲ್ಲ. ಎರಡು ಗಂಟೆ ಓಡಿದ ಮೇಲೆ ಕೋರು 46 ಡಿಗ್ರಿಯಲ್ಲಿ ನಿಂತಿತ್ತು. ಮೇಷ್ಟ್ರು ಅಂಗೈಯನ್ನು ಡಬ್ಬಿಯ ಮೇಲೆ ಇಟ್ಟು, ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಹಳೆಯ ಕಂಡೆನ್ಸರನ್ನು ಮತ್ತೆ ಕವರಿಗೆ ಹಾಕಿಕೊಂಡು, ಗುರುವಾರದ ಭಜನೆಗೆ ಬಾ ಎಂದು ಹುಡುಗನಿಗೆ ಹೇಳಿ ಹೊರಟರು.